ಅರವತ್ತು ಮಂದಿ ರಜೆ ಕೇಳಿದ ರಾತ್ರಿ

ಜುಲೈ ತಿಂಗಳ ಒಂದು ರಾತ್ರಿ ಉಡುಪಿಯಲ್ಲಿ ಅಣ್ಣನ ಮನೆಯ ಚಾವಡಿಯಲ್ಲಿ ಕೂತಿದ್ದೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಅತ್ತಿಗೆ ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. “ನಾಳೆ ಮಕ್ಕಳಿಗೆ ರಜೆ ಉಂಟಾ ಅಂತ ನೋಡುವಾ ಅಂದ್ರೆ ಟ್ರೆಂಡಿಂಗ್‌ನಲ್ಲಿ ಬರೀ ಬೆಂಗಳೂರಿನ ಟ್ರಾಫಿಕ್. ನಿನ್ನ ಅಣ್ಣನ ಫೋನಿನಲ್ಲಿ ಬರೀ ಕ್ರಿಕೆಟ್. ಒಂದೇ ಮನೆಯಲ್ಲಿ ಕೂತು ಇದೆಂತ ಮಾರಾಯ?”

ಇಂಥ ಪಟ್ಟಿ ಮಾಡುವುದೇ ನನ್ನ ಕೆಲಸ. ಮಂಗಳೂರಿನ ಒಂದು ಸಣ್ಣ ಕನ್ನಡ ಸುದ್ದಿ ಆ್ಯಪ್‌ಗೆ “ಈಗ ಜನ ಏನು ಮಾತಾಡುತ್ತಿದ್ದಾರೆ” ಎಂಬ ಪಟ್ಟಿಯನ್ನು ನಾವು ಮೂರು ಜನ ಸೇರಿ ಕಟ್ಟಿದ್ದೇವೆ. ದೊಡ್ಡ ಕಂಪನಿಗಳ ಪೂರ್ತಿ ಸೂತ್ರ ಹೊರಗೆ ಬಂದಿಲ್ಲ. ಆದರೆ ಹೆಚ್ಚಿನ ಪಟ್ಟಿಗಳ ಬುಡದಲ್ಲಿರುವ ಲೆಕ್ಕದ ಬಗೆ ಹೆಚ್ಚುಕಮ್ಮಿ ಒಂದೇ. ಅದನ್ನು ಅತ್ತಿಗೆಯ ರಜೆಯನ್ನೇ ಹಿಡಿದು ಬಿಡಿಸುತ್ತೇನೆ. ಮುಂದೆ ಬರುವ ಅಂಕಿಗಳು ಲೆಕ್ಕ ಸುಲಭವಾಗಲಿ ಅಂತ ನಾನೇ ಇಟ್ಟುಕೊಂಡವು.

ಮಂಗಳೂರು–ಉಡುಪಿ ಭಾಗದಲ್ಲಿ ರಾತ್ರಿ 8ರಿಂದ 9ರ ನಡುವೆ “ರಜೆ” ಎಂಬ ಪದ ಬಳಸುವವರು ಮಾಮೂಲಿ ದಿನ 4 ಮಂದಿ ಅಂದುಕೊಳ್ಳಿ. ಆ ರಾತ್ರಿ 60 ಮಂದಿ ಬಳಸಿದರು. ಡಿಸಿ ರಜೆ ಕೊಟ್ಟರಾ, ಉಡುಪಿಗೂ ಉಂಟಾ, ಪಿಯುಸಿಯವರಿಗೆ ಉಂಟಾ ಅಂತ ಒಂದೇ ಪ್ರಶ್ನೆ. ಅದೇ ಹೊತ್ತಿಗೆ “ಮಳೆ” ಅಂದವರು 520 ಮಂದಿ. ಎಣಿಸಿದರೆ ಮಳೆಯೇ ಮೇಲೆ ಬರಬೇಕು ಅಲ್ವಾ? ಬರುವುದಿಲ್ಲ. ಜುಲೈಯಲ್ಲಿ ಆ ಹೊತ್ತಿಗೆ ಮಳೆಯ ಮಾತು ದಿನವೂ 400 ಮಂದಿಯ ಬಾಯಲ್ಲಿರುತ್ತದೆ. ಟ್ರೆಂಡಿಂಗ್ ಲೆಕ್ಕ “ಎಷ್ಟು” ಎಂದು ಕೇಳುವುದಿಲ್ಲ, “ಎಂದಿಗಿಂತ ಎಷ್ಟು ಜಾಸ್ತಿ” ಎಂದು ಕೇಳುತ್ತದೆ. ಅದರ ಸರಳ ರೂಪ ಹೀಗಿದೆ:

```
score = (now - usual) / sqrt(usual)
```

`now` ಅಂದರೆ ಈ ಗಂಟೆಯ ಎಣಿಕೆ, `usual` ಅಂದರೆ ಹಿಂದಿನ ಎರಡು ವಾರ ಇದೇ ಗಂಟೆಯಲ್ಲಿ ಇದ್ದ ಸರಾಸರಿ. ಮಳೆಗೆ 120 ಜಾಸ್ತಿ, 400ರ ವರ್ಗಮೂಲ 20, ಅಂಕ 6. ರಜೆಗೆ 56 ಜಾಸ್ತಿ, 4ರ ವರ್ಗಮೂಲ 2, ಅಂಕ 28. ರಜೆ ಮೇಲೆ, ಮಳೆ ಕೆಳಗೆ.

ವರ್ಗಮೂಲ ಯಾಕೆ? ದಿನವೂ 400 ಜನ ಆಡುವ ಮಾತು ಒಂದು ದಿನ 385, ಇನ್ನೊಂದು ದಿನ 415 ಆಗುವುದು ಸಹಜ. ಯಾವ ಕಾರಣವೂ ಇಲ್ಲದೆ ಸುಮ್ನೆ ಆಗುವ ಈ ಓಲಾಟ ಸುಮಾರಾಗಿ ಸರಾಸರಿಯ ವರ್ಗಮೂಲದಷ್ಟಿರುತ್ತದೆ. ಆದ್ದರಿಂದ ಅಂಕ 1 ಬಂದರೆ ಅದು ಸುದ್ದಿಯಲ್ಲ, 28 ಬಂದರೆ ಏನೋ ಆಗಿದೆ. ನಿಜವಾದ ಮಾತುಕತೆ ಇದಕ್ಕಿಂತ ಜಾಸ್ತಿ ಓಲಾಡುತ್ತದೆ, ಯಾಕೆಂದರೆ ಒಬ್ಬರು ಹೇಳಿದ್ದನ್ನು ನೋಡಿ ಇನ್ನೊಬ್ಬರು ಹೇಳುತ್ತಾರೆ. ಹಾಗಾಗಿ ನಾವು ವರ್ಗಮೂಲವನ್ನಷ್ಟೇ ನಂಬದೆ ಪ್ರತಿ ಪದದ ಹಳೆಯ ಏರಿಳಿತವನ್ನೂ ಅಳೆದು ಇಡುತ್ತೇವೆ.

ಈಗ ಜಾಗದ ವಿಷಯ. ಅದೇ 56 ಮಂದಿಯನ್ನು ಇಡೀ ಕರ್ನಾಟಕದ ಲೆಕ್ಕಕ್ಕೆ ಸೇರಿಸಿ ನೋಡಿ. ರಾಜ್ಯದಲ್ಲಿ ಆ ಹೊತ್ತಿಗೆ “ರಜೆ” ಎನ್ನುವವರು ದಿನವೂ 400 ಮಂದಿ ಇರುತ್ತಾರೆ. ಆಫೀಸಿನ ರಜೆ, ಹಬ್ಬದ ರಜೆ, ಬ್ಯಾಂಕ್ ರಜೆ ಎಲ್ಲವೂ ಅದರಲ್ಲಿ ಸೇರಿದೆ. ಆ ರಾತ್ರಿ ಅದು 456 ಆಯಿತು. ಅಂಕ 56 ಭಾಗಿಸು 20, ಅಂದರೆ 2.8. ಜನ ಅವರೇ, ಪ್ರಶ್ನೆ ಅದೇ, ಅಂಕ ಮಾತ್ರ ಹತ್ತರಲ್ಲಿ ಒಂದು ಪಾಲು. ಅದರ ಮೇಲೆ ರಾಜ್ಯದ ಪಟ್ಟಿಯಲ್ಲಿ ಪೈಪೋಟಿಯೂ ದೊಡ್ಡದು. ದಿನವೂ ಆ ಗಂಟೆಗೆ 25 ಮಂದಿ ಎತ್ತುತ್ತಿದ್ದ ಒಂದು ಸಿನಿಮಾದ ಹೆಸರನ್ನು ಟ್ರೇಲರ್ ಬಂದ ದಿನ 1,025 ಮಂದಿ ಎತ್ತಿದರೆ ಅಂಕ 200. ಅದರೆದುರು 2.8 ಎಲ್ಲಿ ನಿಲ್ಲುತ್ತದೆ?

ಊರಿನ ಪಟ್ಟಿಗೂ ರಾಜ್ಯದ ಪಟ್ಟಿಗೂ ಹೊಂದದಿರುವುದಕ್ಕೆ ಕಾರಣ ಇಷ್ಟೇ. “ನಮ್ಮ ಸುದ್ದಿಯನ್ನು ಬೇಕಂತಲೇ ಒತ್ತಿಟ್ಟಿದ್ದಾರೆ” ಎಂಬ ಮಾತು ಪ್ರತಿ ಮಳೆಗಾಲದಲ್ಲೂ ಕೇಳುತ್ತೇನೆ. ಹೆಚ್ಚಿನ ಸಲ ಅಲ್ಲಿ ಒತ್ತಿಡುವ ಕೈ ಇರುವುದಿಲ್ಲ, ದೊಡ್ಡ ಸರಾಸರಿ ಇರುತ್ತದೆ.

ಹಾಗಾದರೆ ಪ್ರತಿ ಊರಿಗೂ ಒಂದು ಪಟ್ಟಿ ಕೊಟ್ಟರಾಯಿತಲ್ಲ? ನಾವು ಮೊದಲು ಹಾಗೇ ಮಾಡಿ ಕೈ ಸುಟ್ಟುಕೊಂಡೆವು. ಸಣ್ಣ ಊರಿನಲ್ಲಿ ಒಂದು ಪದದ ಸರಾಸರಿ ಆ ಗಂಟೆಗೆ 0.25 ಇರುತ್ತದೆ, ಅಂದರೆ ಆ ಹೊತ್ತಿನಲ್ಲಿ ನಾಲ್ಕು ದಿನಕ್ಕೆ ಒಬ್ಬರು. ಒಂದು ರಾತ್ರಿ ಮೂವರು ಗೆಳೆಯರು ಆ ಪದ ಬಳಸಿದರೆ ಅಂಕ 2.75 ಭಾಗಿಸು 0.5, ಅಂದರೆ 5.5. ಐನೂರು ಜನರ ಮಳೆಗೆ 6, ಮೂವರ ಹರಟೆಗೆ 5.5! ಕಾರ್ಕಳದ ಪಟ್ಟಿಯಲ್ಲಿ ಯಾರದೋ ಹುಟ್ಟುಹಬ್ಬ ಟ್ರೆಂಡಿಂಗ್ ಆಗಿ ಕೂತಿದ್ದು ಹೀಗೆಯೇ. ಆಮೇಲೆ ಸರಾಸರಿ ಎಷ್ಟೇ ಕಡಿಮೆ ಇದ್ದರೂ ಅದನ್ನು 1 ಅಂತಲೇ ಹಿಡಿದೆವು. ಆಗ ಮೂವರಿಗೆ ಸಿಗುವುದು 2 ಅಂಕ. ಜೊತೆಗೆ ಕನಿಷ್ಠ 25 ಬೇರೆ ಬೇರೆ ಖಾತೆಗಳು ಮಾತಾಡಿರಬೇಕು ಎಂಬ ಗಡಿ ಹಾಕಿದೆವು. ಪೋಸ್ಟ್ ಎಣಿಸದೆ ಖಾತೆ ಎಣಿಸುವುದರಿಂದ ಒಬ್ಬನೇ ಕೂತು ನೂರು ಸಲ ಬರೆದರೂ ಅದು ಒಂದೇ. ಈ ಗಡಿ ಹಾಕಿದ ಮೇಲೆ ಕಾರ್ಕಳ, ಕುಂದಾಪುರ, ಬಂಟ್ವಾಳದ ಪಟ್ಟಿಗಳು ಹೆಚ್ಚಿನ ದಿನ ಖಾಲಿಯೇ ಬಂದವು. ಕೊನೆಗೆ ಎರಡೂ ಜಿಲ್ಲೆ ಸೇರಿಸಿ ಒಂದೇ ಪಟ್ಟಿ ಮಾಡಿದೆವು. ದೊಡ್ಡ ಕಂಪನಿಗಳು ದೊಡ್ಡ ನಗರ ಅಥವಾ ದೇಶದ ಮಟ್ಟಕ್ಕೆ ನಿಲ್ಲುವುದಕ್ಕೂ ಇಂಥದೇ ತೊಂದರೆ ಕಾರಣ ಅಂತ ನನ್ನ ಅಂದಾಜು.

ಪದ ಎಣಿಸುವುದೂ ಅಷ್ಟು ಸುಲಭವಲ್ಲ. ನಮ್ಮವರು ರಜೆ ಅಂತಲೂ ಬರೆಯುತ್ತಾರೆ, raje ಅಂತಲೂ, holiday ಅಂತಲೂ. ಮೂರನ್ನೂ ಬೇರೆ ಬೇರೆ ಎಣಿಸಿದರೆ 60 ಮಂದಿ ಇಪ್ಪತ್ತು ಇಪ್ಪತ್ತಾಗಿ ಒಡೆದು ಯಾವುದೂ ಗಡಿ ದಾಟುವುದಿಲ್ಲ. ಹಾಗಾಗಿ ಕೈಯಾರೆ ಒಂದು ಜೋಡಣೆಯ ಪಟ್ಟಿ ಮಾಡಿ ಮೂರನ್ನೂ ಸೇರಿಸಿದೆವು. ಸ್ವಲ್ಪ ದಿನದಲ್ಲಿ, ರಾಜಸ್ಥಾನದ ರಾಜಕೀಯ ಬಿಸಿಯಾಗಿದ್ದಾಗ, ಒಂದು ಹನಿ ಮಳೆ ಇಲ್ಲದ ದಿನವೂ ನಮ್ಮಲ್ಲಿ “ರಜೆ” ಮೇಲೇರಿತು. ನೋಡಿದರೆ ಅದು ವಸುಂಧರಾ ರಾಜೇ ಅವರ ಹೆಸರು! ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಒಂದೇ. ಈಗ raje ಜೊತೆ school ಅಥವಾ DC ಇದ್ದರೆ ಮಾತ್ರ ಸೇರಿಸುತ್ತೇವೆ. ಕನ್ನಡ ಲಿಪಿಯಲ್ಲೂ ಒಂದು ಗುಟ್ಟಿದೆ. “ಕೋ” ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಎಣಿಸುವ ಮೊದಲು ಎಲ್ಲವನ್ನೂ NFC ಎಂಬ ಒಂದೇ ರೂಪಕ್ಕೆ ತರದಿದ್ದರೆ “ಕೋಟ” ಎರಡು ಊರಾಗುತ್ತದೆ.

ಇನ್ನು ಮಳೆಗಾಲ ನಡುವಿಗೆ ಬಂದಾಗ ಏನಾಗುತ್ತದೆ ನೋಡಿ. ಕಳೆದ 14 ದಿನದಲ್ಲಿ 8 ರಾತ್ರಿ ರಜೆಯ ಪ್ರಶ್ನೆ ಎದ್ದಿದೆ, ಪ್ರತಿ ಸಲ 60 ಮಂದಿ. ಉಳಿದ 6 ರಾತ್ರಿ ಎಂದಿನ 4. ಸರಾಸರಿ ಈಗ 36. ಇವತ್ತು ಮತ್ತೆ 60 ಮಂದಿ ಕೇಳಿದರೆ 24 ಭಾಗಿಸು 6, ಅಂಕ ಬರೀ 4. ಮೊದಲ ದಿನ 28 ಬಂದದ್ದು ಇವತ್ತು 4. ಒಬ್ಬ ತಾಯಿಯೂ ಕಡಿಮೆ ಕೇಳಿಲ್ಲ, ಆದರೂ ರಜೆ ಪಟ್ಟಿಯಿಂದ ಇಳಿಯಿತು. ಲೆಕ್ಕಕ್ಕೆ ಅದು ಹಳೆಯದಾಯಿತು, ಅಷ್ಟೇ.

ಇದನ್ನು ತಪ್ಪು ಎನ್ನಲೂ ಆಗುವುದಿಲ್ಲ. 2010ರಲ್ಲಿ ಟ್ವಿಟರ್‌ನ ಪಟ್ಟಿಯಲ್ಲಿ ಗಾಯಕ ಜಸ್ಟಿನ್ ಬೀಬರ್ ಹೆಸರು ಕೆಳಗಿಳಿಯುತ್ತಲೇ ಇರಲಿಲ್ಲ. ಅಭಿಮಾನಿಗಳು ದಿನವೂ ಅಷ್ಟೇ ಬರೆಯುತ್ತಿದ್ದರು. ಆಗ ಕಂಪನಿ ಲೆಕ್ಕವನ್ನು ಬದಲಿಸಿ, ಒಟ್ಟು ಎಣಿಕೆಗಿಂತ ಹೊಸದಾಗಿ ಏಳುವ ಮಾತಿಗೆ ಹೆಚ್ಚು ತೂಕ ಕೊಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಸರ್ಕಾರಗಳ ಗುಟ್ಟಿನ ಕಡತ ಹೊರಹಾಕುವ ವಿಕಿಲೀಕ್ಸ್ ಯಾಕೆ ಟ್ರೆಂಡ್ ಆಗುತ್ತಿಲ್ಲ ಎಂದು ಜನ ಗಲಾಟೆ ಮಾಡಿದಾಗ ಕಂಪನಿ ಕೊಟ್ಟ ಉತ್ತರವೂ ಇದೇ ಧಾಟಿಯದು.

ನಮ್ಮ ತುಳುವಿನ ಅಭಿಯಾನ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. 2021ರ ಜೂನ್‌ನಲ್ಲಿ ತುಳುವಿಗೆ ಅಧಿಕೃತ ಭಾಷೆಯ ಸ್ಥಾನ ಕೇಳಿ ಟ್ವಿಟರ್ ಅಭಿಯಾನ ನಡೆದಾಗ `#TuluOfficialinKA_KL` ಎಂಬ ಹೊಸ ಹ್ಯಾಶ್‌ಟ್ಯಾಗ್ ಬಂತು. ಹೊಸದಕ್ಕೆ ಹಿಂದಿನ ಸರಾಸರಿ ಅಂತ ಏನೂ ಇರುವುದಿಲ್ಲ. ಒಂದೇ ದಿನ ಎಲ್ಲರೂ ಬಳಸಿದರೆ ಅಂಕ ನೆಗೆಯುತ್ತದೆ. ವಾರವಿಡೀ ಸ್ವಲ್ಪ ಸ್ವಲ್ಪ ಬಳಸಿದ್ದರೆ ಒಟ್ಟು ಎಣಿಕೆ ಅಷ್ಟೇ ಆದರೂ ಪಟ್ಟಿಗೆ ಬರುವುದು ಕಷ್ಟ.

ಗೂಗಲ್ ಟ್ರೆಂಡ್ಸ್ ನೋಡುವವರಿಗೆ ಒಂದು ಮಾತು. ಅಲ್ಲಿ 0ಯಿಂದ 100ರವರೆಗಿನ ಅಂಕ ಹುಡುಕಾಟದ ಸಂಖ್ಯೆಯಲ್ಲ, ಪಾಲು. ಉಡುಪಿಯ 10,000 ಹುಡುಕಾಟದಲ್ಲಿ 50 ರಜೆಯದ್ದು, ಬೆಂಗಳೂರಿನ 10 ಲಕ್ಷದಲ್ಲಿ 600 ಅಂದುಕೊಳ್ಳಿ. ಉಡುಪಿಯ ಪಾಲು ಶೇಕಡಾ 0.5, ಬೆಂಗಳೂರಿನದ್ದು 0.06. ಪರದೆಯ ಮೇಲೆ ಹೆಚ್ಚು ಪಾಲಿನ ಉಡುಪಿಗೆ 100, ಅದಕ್ಕೆ ಹೋಲಿಸಿ ಬೆಂಗಳೂರಿಗೆ 12. ಇದನ್ನು ನೋಡಿ “ಬೆಂಗಳೂರಿಗಿಂತ ಉಡುಪಿಯಲ್ಲಿ ಎಂಟು ಪಟ್ಟು ಜನ ಹುಡುಕಿದರು” ಎಂದು ಬರೆದ ವರದಿಯನ್ನು ನಾನೇ ತಿದ್ದಿದ್ದೇನೆ.

ಅತ್ತಿಗೆಯ ಫೋನಿಗೆ ಬರೋಣ. ಅವರಿಗೆ ಬೆಂಗಳೂರಿನ ಟ್ರಾಫಿಕ್ ಯಾಕೆ ಬಂತು? ಅವರು ಆ ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಟ್ಟಿರಲಿಲ್ಲ. ಆಗ ಆ್ಯಪ್ ಐಪಿ ವಿಳಾಸ ನೋಡಿ ಊರನ್ನು ಊಹಿಸುತ್ತದೆ. ಮೊಬೈಲ್ ಡೇಟಾದಲ್ಲಿ ಆ ವಿಳಾಸ ಎಷ್ಟೋ ಸಲ ನೀವಿರುವ ಊರಿನದ್ದಲ್ಲ, ಕಂಪನಿಯ ಜಾಲ ಇಂಟರ್ನೆಟ್ಟಿಗೆ ಸೇರುವ ದೊಡ್ಡ ನಗರದ್ದು. ಅಣ್ಣನ ಫೋನಿಗೆ ಅನುಮತಿ ಇತ್ತು, ಊರು ಸರಿಯಾಗಿ ಗೊತ್ತಿತ್ತು. ಆದರೆ ಅವನು ನೋಡುತ್ತಿದ್ದದ್ದು “ನಿಮಗಾಗಿ” ಎಂಬ ಪಟ್ಟಿ.

ಆ ಪಟ್ಟಿಯಲ್ಲಿ ಇನ್ನೊಂದು ಗುಣಾಕಾರ ನಡೆಯುತ್ತದೆ. ಟ್ವಿಟರ್ 2012ರಲ್ಲೇ, ನೀವಿರುವ ಜಾಗ ಮತ್ತು ನೀವು ಹಿಂಬಾಲಿಸುವವರನ್ನು ನೋಡಿ ಪಟ್ಟಿ ಬದಲಿಸಲು ಶುರು ಮಾಡಿತ್ತು. ಊರಿನ ಲೆಕ್ಕದಲ್ಲಿ ರಜೆಗೆ 28, ಕ್ರಿಕೆಟ್‌ಗೆ 10 ಇರಲಿ. ಅಣ್ಣ ಹಿಂಬಾಲಿಸುವವರಲ್ಲಿ ಮುಕ್ಕಾಲು ಪಾಲು ಕ್ರಿಕೆಟ್ ಖಾತೆಗಳು, ಶಾಲೆಯ ಸುದ್ದಿಯನ್ನು ಅವನು ಒತ್ತಿದ್ದೇ ಇಲ್ಲ. ಕ್ರಿಕೆಟ್‌ಗೆ 3ರ ತೂಕ, ರಜೆಗೆ 0.5ರ ತೂಕ ಬಿದ್ದರೆ 30 ಮತ್ತು 14. ಕ್ರಿಕೆಟ್ ಮೇಲೆ. ನಮ್ಮ ಆ್ಯಪ್‌ನಲ್ಲಿ ಈ ತೂಕ ಹಾಕುವುದು ಬೇಡ ಎಂದು ನಾನು ಹಟ ಹಿಡಿದಿದ್ದೇನೆ. ಊರಿನ ಪಟ್ಟಿ ಅಂತ ಹೆಸರಿಟ್ಟ ಮೇಲೆ ಊರಿಗೆಲ್ಲ ಒಂದೇ ಇರಬೇಕು ಅಂತ ನನ್ನ ವಾದ. ಹಾಗೆ ಮಾಡಿದರೆ ಪಟ್ಟಿ ಒತ್ತಿ ನೋಡುವವರು ಕಡಿಮೆಯಾಗುತ್ತಾರೆ ಅಂತ ಸಹೋದ್ಯೋಗಿಗಳ ವಾದ. ಅವರು ಹೇಳುವುದೂ ನಿಜ, ಕಡಿಮೆಯಾಗಿದ್ದಾರೆ.

ಆ ರಾತ್ರಿ ಅತ್ತಿಗೆಯ ಫೋನಿನಲ್ಲಿ ನಮ್ಮ ಆ್ಯಪ್ ಹಾಕಿ, ಲೊಕೇಶನ್ ಆನ್ ಮಾಡಿಕೊಟ್ಟೆ. ಪಟ್ಟಿಯ ತುದಿಯಲ್ಲಿ ರಜೆ ಬಂತು. ಒತ್ತಿದರೆ ಮೇಲೆಯೇ ಡಿಸಿ ಆದೇಶದ ಒಂದು ಫೋಟೊ. ಅತ್ತಿಗೆ ಖುಷಿಯಿಂದ ಮಕ್ಕಳನ್ನು ಕರೆಯುವಷ್ಟರಲ್ಲಿ ಅಣ್ಣ ಬಗ್ಗಿ ನೋಡಿ, “ತಾರೀಕು ನೋಡು ಮಾರಾಯ್ತಿ, ಇದು ಹೋದ ವರ್ಷದ್ದು” ಅಂದ. ಲೆಕ್ಕ ಮಾಡುವ ನಮ್ಮ ಪ್ರೋಗ್ರಾಂ ಆ ಫೋಟೊ ಹಂಚಿದವರನ್ನೂ, ಅದು ಸುಳ್ಳು ಎಂದು ಬೈದವರನ್ನೂ ಒಟ್ಟಿಗೇ ಎಣಿಸಿತ್ತು. ನಿಜವಾದ ಆದೇಶ ಒಂಬತ್ತೂವರೆಗೆ ಬಂತು. ಹತ್ತೂವರೆಗೆ ನೋಡಿದರೆ ರಜೆ ಪಟ್ಟಿಯಲ್ಲೇ ಇರಲಿಲ್ಲ. ಉತ್ತರ ಸಿಕ್ಕ ಮೇಲೆ ಯಾರೂ ಕೇಳಲಿಲ್ಲ.