ಅರ್ಜಿ ಹಾಕಿದ ಮೇಲೆ ಸರ್ಟಿಫಿಕೇಷನ್ ಕೈಗೆ ಬಂತು, ರಿಕ್ರೂಟರ್‌ಗೆ ಹೇಗೆ ತಿಳಿಸಲಿ?

ಪ್ರಶ್ನೆ: ಮೂರು ವಾರದ ಹಿಂದೆ ಬೆಂಗಳೂರಿನ ಕಂಪನಿಯೊಂದಕ್ಕೆ ಕ್ಲೌಡ್ ಸಪೋರ್ಟ್ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಿದ್ದೆ. ಒಮ್ಮೆ ರಿಕ್ರೂಟರ್ ಫೋನ್ ಮಾಡಿ ಮಾತಾಡಿದ್ದಾರೆ, ಮೇಲೂ ಕಳಿಸಿದ್ದಾರೆ. ಈಗ ಎಡಬ್ಲ್ಯುಎಸ್ ಸಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆ ಪಾಸಾಗಿದ್ದೇನೆ. ಮತ್ತೆ ಅರ್ಜಿ ಹಾಕಬೇಕಾ, ಮೇಲ್ ಮಾಡಿದರೆ ಸಾಕಾ?

ಉತ್ತರ: ಮೇಲ್ ಸಾಕು, ಅದೂ ನಾಲ್ಕೈದು ಸಾಲಿನದು. ಹಳೆಯ ಅರ್ಜಿ ವಾಪಸ್ ತೆಗೆದು ಹೊಸದಾಗಿ ಹಾಕುವ ಯೋಚನೆ ಬಿಡಿ. ಹಾಗೆ ಮಾಡಿದರೆ ಸರದಿಯಲ್ಲಿ ನಿಮ್ಮ ಜಾಗ ಹೋಗಬಹುದು. ರಿಕ್ರೂಟರ್ ಫೋನಿನಲ್ಲಿ ಕೇಳಿ ಬರೆದುಕೊಂಡ ಟಿಪ್ಪಣಿಯೂ ಹಳೆಯ ಅರ್ಜಿಯ ಜೊತೆಗೇ ಉಳಿದುಬಿಡಬಹುದು.

ಆದರೆ ಪರೀಕ್ಷೆ ಬರೆದು ಹೊರಬಂದ ಕೂಡಲೇ ಮೇಲ್ ಹೊಡೆಯಬೇಡಿ. ಈ ಪರೀಕ್ಷೆಗೆ (ಕೋಡ್ SAA-C03) ಸಾವಿರಕ್ಕೆ 720 ಅಂಕ ಬಂದರೆ ಪಾಸು. ಅಧಿಕೃತ ಫಲಿತಾಂಶಕ್ಕೆ ಐದು ಕೆಲಸದ ದಿನಗಳವರೆಗೆ ಹಿಡಿಯಬಹುದು, ಡಿಜಿಟಲ್ ಬ್ಯಾಡ್ಜ್ ಕ್ರೆಡ್ಲಿ ಎಂಬ ಜಾಲತಾಣದಲ್ಲಿ ಬರುತ್ತದೆ. ಆ ಬ್ಯಾಡ್ಜನ್ನು ನೀವು ಒಪ್ಪಿಕೊಂಡು, ಎಲ್ಲರಿಗೂ ಕಾಣುವಂತೆ ಇಟ್ಟರೆ ಮಾತ್ರ ಲಿಂಕ್ ಕೆಲಸಕ್ಕೆ ಬರುತ್ತದೆ. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ: ಲಾಗಿನ್ ಆಗಿರುವ ನಿಮಗೆ ಪುಟ ಚೆನ್ನಾಗಿ ತೆರೆದುಕೊಳ್ಳುತ್ತದೆ, ರಿಕ್ರೂಟರ್‌ಗೆ ಏನೂ ಕಾಣುವುದಿಲ್ಲ. ಕಳಿಸುವ ಮುಂಚೆ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಲಿಂಕ್ ತೆರೆದು ನೋಡಿ. ಅಲ್ಲಿ ನಿಮ್ಮ ಹೆಸರು, ಸರ್ಟಿಫಿಕೇಷನ್ ಹೆಸರು, ಕೊಟ್ಟ ದಿನಾಂಕ ಮೂರೂ ಕಂಡರೆ ಸರಿ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಇನ್ನೊಂದು ತಾಪತ್ರಯ ಇದೆ, ಇನಿಷಿಯಲ್. ರೆಸ್ಯೂಮೆಯಲ್ಲಿ ‘ಮಂಜುನಾಥ ಎಚ್. ಆರ್.’ ಅಂತಿದ್ದು, ಬ್ಯಾಡ್ಜಿನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದಿದ್ದರೆ ನೋಡುವವರಿಗೆ ಇಬ್ಬರು ಬೇರೆ ಬೇರೆ ಅನ್ನಿಸಬಹುದು. ಅಂಥಾ ವ್ಯತ್ಯಾಸ ಇದ್ದರೆ ಮೇಲಿನಲ್ಲೇ ಒಂದು ಸಾಲು ಹೇಳಿಬಿಡಿ. ಮುಂದೆ ದಾಖಲೆ ಪರಿಶೀಲನೆಯಲ್ಲಿ ಅದೇ ಪ್ರಶ್ನೆ ಎದ್ದು ಆಫರ್ ತಡವಾಗುವುದಕ್ಕಿಂತ ಇದು ವಾಸಿ.

ಇನ್ನು ಯಾವ ಮೇಲಿಗೆ ಉತ್ತರಿಸಬೇಕು? ಅರ್ಜಿ ತಲುಪಿತು ಎಂದು ತಾನಾಗಿ ಬಂದ ಮೇಲಿಗಲ್ಲ. ಅದರ ವಿಳಾಸದಲ್ಲಿ `no-reply` ಎಂದಿದ್ದರೆ ನಿಮ್ಮ ಉತ್ತರವನ್ನು ಯಾರೂ ಓದುವುದಿಲ್ಲ. ರಿಕ್ರೂಟರ್ ಕಳಿಸಿದ ಮೇಲಿಗೇ ರಿಪ್ಲೈ ಮಾಡಿ. ಹಳೆಯ ಮಾತುಕತೆ ಕೆಳಗೇ ಇರುವುದರಿಂದ ನೀವ್ಯಾರು ಎಂದು ಅವರು ಹುಡುಕಬೇಕಾಗುವುದಿಲ್ಲ. ಅವರು ಇಂಗ್ಲಿಷಿನಲ್ಲಿ ಬರೆದಿದ್ದರೆ ನೀವೂ ಇಂಗ್ಲಿಷಿನಲ್ಲೇ ಬರೆಯಿರಿ. ಒಕ್ಕಣೆ ಹೀಗಿರಲಿ:

> ವಿಷಯ: ಕ್ಲೌಡ್ ಸಪೋರ್ಟ್ ಎಂಜಿನಿಯರ್ (R-20417): ಅರ್ಜಿಗೆ ಹೊಸ ಸರ್ಟಿಫಿಕೇಷನ್ ಸೇರ್ಪಡೆ
>
> ನಮಸ್ಕಾರ ಮೇಡಂ,
>
> ಮೇಲಿನ ಹುದ್ದೆಗೆ ಈ ತಿಂಗಳ 3ರಂದು ಅರ್ಜಿ ಹಾಕಿದ್ದೆ. 21ರಂದು ಎಡಬ್ಲ್ಯುಎಸ್ ಸಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಸರ್ಟಿಫಿಕೇಷನ್ ಪಡೆದಿದ್ದೇನೆ. ಪರಿಶೀಲನೆಗೆ ಲಿಂಕ್: (ಬ್ಯಾಡ್ಜ್ ಲಿಂಕ್).
>
> ಹುದ್ದೆಯ ವಿವರದಲ್ಲಿ ಕೇಳಿರುವ ವಿಪಿಸಿ ಮತ್ತು ಐಎಎಂ ವಿಷಯಗಳು ಈ ಪರೀಕ್ಷೆಯಲ್ಲಿ ಬರುತ್ತವೆ. ಹೊಸ ರೆಸ್ಯೂಮೆ ಲಗತ್ತಿಸಿದ್ದೇನೆ. ಸರ್ಟಿಫಿಕೇಷನ್ ಸಾಲು ಬಿಟ್ಟರೆ ಬೇರೇನೂ ಬದಲಾಗಿಲ್ಲ. ಸಾಧ್ಯವಾದರೆ ಅರ್ಜಿಯ ಜೊತೆ ಸೇರಿಸಿಕೊಳ್ಳಿ.
>
> ಇಂತಿ, (ಪೂರ್ತಿ ಹೆಸರು, ಮೊಬೈಲ್ ನಂಬರ್)

‘ಬೇರೇನೂ ಬದಲಾಗಿಲ್ಲ’ ಎಂಬ ಮಾತು ಸಣ್ಣದು, ಉಪಯೋಗ ದೊಡ್ಡದು. ಎರಡು ರೆಸ್ಯೂಮೆ ಪಕ್ಕಪಕ್ಕ ಇಟ್ಟು ಹೋಲಿಸುವ ಕೆಲಸ ಅವರಿಗೆ ತಪ್ಪುತ್ತದೆ. ಅದಕ್ಕೇ ಈ ಸಂದರ್ಭ ನೋಡಿಕೊಂಡು ಅನುಭವದ ತಿಂಗಳು, ಹಳೆಯ ಹುದ್ದೆಯ ಹೆಸರು ತಿದ್ದಲು ಹೋಗಬೇಡಿ. ವ್ಯತ್ಯಾಸ ಕಣ್ಣಿಗೆ ಬಿದ್ದರೆ ಸರ್ಟಿಫಿಕೇಷನ್ ಮರೆತು ಅದನ್ನೇ ಕೇಳುತ್ತಾರೆ. ಅಂಕ ಎಷ್ಟು ಬಂತು ಎಂದು ಬರೆಯುವ ಅಗತ್ಯವೂ ಇಲ್ಲ. ಸರ್ಟಿಫಿಕೇಷನ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಅದು ಮುಗಿಯುವ ದಿನಾಂಕ ರೆಸ್ಯೂಮೆಯಲ್ಲಿ ಇದ್ದರೆ ಆಯಿತು.

ಒಂದು ಎಚ್ಚರ: ಆನ್‌ಲೈನ್ ತರಗತಿ ಮುಗಿಸಿದ್ದಕ್ಕೆ ಸಿಗುವ ಪ್ರಮಾಣಪತ್ರ ಇದಕ್ಕೆ ಸಮ ಅಲ್ಲ. ಅದಕ್ಕಾಗಿ ಪ್ರತ್ಯೇಕ ಮೇಲ್ ಬೇಡ, ಸಂದರ್ಶನದಲ್ಲಿ ಮಾತು ಬಂದರೆ ಹೇಳಿ.

ನಿಮಗೆ ಫೋನ್ ಮಾಡಿದವರು ಕಂಪನಿಯವರಲ್ಲ, ಕನ್ಸಲ್ಟೆನ್ಸಿಯವರು ಎಂದಾದರೆ ಕೊನೆಯ ಸಾಲು ಬದಲಾಗಬೇಕು. ಅವರು ನಿಮ್ಮ ರೆಸ್ಯೂಮೆಯನ್ನು ತಮ್ಮ ನಮೂನೆಗೆ ಇಳಿಸಿ ಆಗಲೇ ಕಂಪನಿಗೆ ಕಳಿಸಿರಬಹುದು. ಅಂಥವರಿಗೆ ‘ಕಂಪನಿಗೆ ಕಳಿಸಿರುವ ಪ್ರತಿಯಲ್ಲೂ ಈ ಸಾಲು ಸೇರಿಸಿ’ ಎಂದೇ ಬರೆಯಿರಿ, ಎರಡು ದಿನ ಬಿಟ್ಟು ಒಮ್ಮೆ ಫೋನ್ ಮಾಡಿ ಕೇಳಿ. ಅವರನ್ನು ದಾಟಿ ನೇರ ಕಂಪನಿಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಒಬ್ಬರದೇ ಎರಡು ಅರ್ಜಿ ಆಗಿ, ಎರಡೂ ತಡೆಹಿಡಿಯಲ್ಪಡುವ ಸಾಧ್ಯತೆ ಇದೆ.