ಮೊಣಕಾಲಿಗೆ ಗ್ಯಾಸ್ ಎಲ್ಲಿಂದ ಬಂತು?

ಆಳಂದ ತಾಲ್ಲೂಕಿನ ಹಳ್ಳಿಯಿಂದ ನಮ್ಮ ಚಿಗವ್ವ ಮೊಣಕಾಲು ನೋವೆಂದು ಕಲಬುರಗಿಗೆ ಬಂದಿದ್ದಳು. ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಡಾಕ್ಟರು ಬೇರೆ ರಾಜ್ಯದವರು, ಕನ್ನಡ ಬರುತ್ತಿರಲಿಲ್ಲ. "ಮೊಣಕಾಲಾಗ ವಾಯು ಸೇರ್ಯಾದ್ರಿ, ಕುಂತ್ರ ಏಳಾಕ ಆಗವಲ್ದು" ಎಂದಳು ಚಿಗವ್ವ. ನಾನು ದೊಡ್ಡ ಶಾಣ್ಯಾನ ಹಾಗೆ ಇಂಗ್ಲಿಷಿನಲ್ಲಿ "ಗ್ಯಾಸ್ ಪ್ರಾಬ್ಲಂ, ಕಾಲೂ ನೋಯುತ್ತಂತೆ" ಎಂದೆ. ಹೊರಗೆ ಉದ್ದ ಪಾಳಿ ಇತ್ತು. ಅಸಿಡಿಟಿ ಮಾತ್ರೆ ಬರೆದು ಕಳಿಸಿದರು. ಚಿಗವ್ವ ಹದಿನೈದು ದಿನ ಅದನ್ನೇ ನುಂಗಿದಳು.

ತಪ್ಪು ನನ್ನದು. ಚಿಗವ್ವ ಹೇಳಿದ್ದು ಹಳೆಯ ವೈದ್ಯರ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು.

ಚಿಗವ್ವ ವಾಯು ಅಂದದ್ದೇ ಆಯುರ್ವೇದದ ವಾತ. ಆ ಪದ ಚಲನೆಯನ್ನು ಹೇಳುವ ಧಾತುವಿನಿಂದ ಬಂದದ್ದು. ದೇಹದಲ್ಲಿ ಏನೆಲ್ಲ ಅಲುಗಾಡುತ್ತದೋ ಅದಕ್ಕೆಲ್ಲ ಕಾರಣ ವಾತ ಎಂದು ಆ ಶಾಸ್ತ್ರದ ಎಣಿಕೆ. ಉಸಿರು ಒಳಗೆ ಹೋಗುವುದು, ಅನ್ನ ಕೆಳಗಿಳಿಯುವುದು, ಕೈಕಾಲು ಮಡಚುವುದು, ಮಾತು ಹೊರಡುವುದು, ಎಲ್ಲಾ ಅದರದ್ದೇ ಕೆಲಸ. ಚಲನೆ ಎಲ್ಲಿ ಕೆಟ್ಟರೂ ಬೈಗುಳ ವಾತಕ್ಕೇ. ಚರಕ ಸಂಹಿತೆ ವಾತದ್ದೇ ಅನ್ನುವ ಕಾಯಿಲೆಗಳನ್ನು 80 ಎಂದು ಎಣಿಸುತ್ತದೆ. ಹೊಟ್ಟೆಯ ತೊಂದರೆಗಳು ಅದರಲ್ಲಿ ಕೆಲವು ಮಾತ್ರ. ಕುಂಟುವುದು, ನಡುಕ, ಅರ್ಧ ಮೈ ಸ್ವಾಧೀನ ತಪ್ಪುವುದು, ಇವೂ ಆ ಪಟ್ಟಿಯಲ್ಲಿವೆ. ಕನ್ನಡದಲ್ಲಿ ಈಗಲೂ ಲಕ್ವಾಕ್ಕೆ ಪಾರ್ಶ್ವವಾಯು ಅಂತೀವಿ, ಅಲ್ವಾ? ಅಲ್ಲಿ ಗ್ಯಾಸ್ ಎಲ್ಲಿದೆ?

ಹಾಗಂತ ಗ್ಯಾಸ್ ಅನ್ನುವುದು ಪೂರಾ ಸುಳ್ಳೂ ಅಲ್ಲ. ವಾತದ ಮುಖ್ಯ ಠಿಕಾಣಿ ದೊಡ್ಡ ಕರುಳು ಎಂದು ಆಯುರ್ವೇದವೇ ಹೇಳುತ್ತದೆ. ನಮ್ಮದು ತೊಗರಿ ಕಣಜ. ಎರಡು ಹೊತ್ತು ಬ್ಯಾಳಿ ತಿಂದವನಿಗೆ ಹೊಟ್ಟೆ ಗುಡುಗುಡು ಅನ್ನುವುದು ಹೊಸದಲ್ಲ. ಬೇಳೆಯಲ್ಲಿ ರಾಫಿನೋಸ್‌ನಂಥ ಕೆಲವು ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಹಾಗಾಗಿ ಅವು ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸುತ್ತವೆ, ಗಾಳಿ ಹುಟ್ಟುತ್ತದೆ. ಇದು ನಿಜವಾದ ಗ್ಯಾಸ್. ಇಂಗ್ಲಿಷ್ ಪದ ಈ ಒಂದು ಮೂಲೆಯನ್ನು ಹಿಡಿದುಕೊಂಡಿತು, ಮಿಕ್ಕ ಮನೆಯನ್ನು ಬಿಟ್ಟಿತು.

ವಾತ, ಪಿತ್ತ, ಕಫ ಮೂರನ್ನೂ ಸೇರಿಸಿ ಆಯುರ್ವೇದ ಕರೆಯುವ ದೋಷ ಪದಕ್ಕೂ ಇದೇ ಗತಿ. ಹಳೆಯ ಅನುವಾದಕರು ಅದಕ್ಕೆ ಹ್ಯೂಮರ್ ಅಂದರು. ಲ್ಯಾಟಿನ್‌ನಲ್ಲಿ ಅದು ತೇವ, ದ್ರವ. ಗ್ರೀಕ್ ವೈದ್ಯರು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂದು ನಾಲ್ಕು ದ್ರವ ಎಣಿಸುತ್ತಿದ್ದರು. ಬೀದರ್, ಕಲಬುರಗಿಯ ಯುನಾನಿ ಹಕೀಮರು ಹೇಳುವ ದಮ್, ಬಲ್ಗಮ್, ಸಫ್ರಾ, ಸೌದಾ ಇವೇ. ಅಲ್ಲಿ ಹ್ಯೂಮರ್ ಸರಿಯಾಗಿ ಕೂರುತ್ತದೆ. ಆಯುರ್ವೇದದ ವಾತಕ್ಕೆ ಕೂರುವುದಿಲ್ಲ, ಯಾಕೆಂದರೆ ವಾತದ ಮೊದಲ ಗುಣವೇ ಒಣಕಲು. ಅದಕ್ಕೇ ಅದಕ್ಕೆ ಎಣ್ಣೆ ಮದ್ದು. ಒಣ ರೊಟ್ಟಿಗೆ ಎಣ್ಣೆ ಹಚ್ಚುವಷ್ಟೇ ಸರಳ ತರ್ಕ. ಚಿಗವ್ವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದುದು ಈ ಲೆಕ್ಕದಲ್ಲೇ. ಗ್ಯಾಸ್ ಅಂದುಕೊಂಡವರಿಗೆ ಆ ಎಣ್ಣೆ ಅರ್ಥವೇ ಆಗುವುದಿಲ್ಲ.

ಪ್ರಾಣವನ್ನು ಉಸಿರು ಅಂದಾಗಲೂ ಹೀಗೇ. ಆಯುರ್ವೇದದಲ್ಲಿ ಪ್ರಾಣ ಅನ್ನುವುದು ವಾತದ ಐದು ಬಗೆಗಳಲ್ಲಿ ಒಂದು. ಅಪಾನ ಇನ್ನೊಂದು, ಮಲ ಮೂತ್ರ ಹೊರಹಾಕುವುದು, ಹೆರಿಗೆಯಲ್ಲಿ ಮಗುವನ್ನು ಕೆಳಗೆ ತಳ್ಳುವುದು ಅದರ ಕೆಲಸ. ಅದನ್ನೂ ಉಸಿರು ಅನ್ನೋಣವೇ? ಇನ್ನು ಪ್ರಾಣವೆಂದರೆ ಆಕ್ಸಿಜನ್ ಅನ್ನುವ ಯೋಗ ಮಾಸ್ತರರೂ ಇದ್ದಾರೆ. ಆರೋಗ್ಯವಂತನ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಸುಮ್ನೆ ಕೂತಾಗಲೇ ಸಾಮಾನ್ಯವಾಗಿ 95ಕ್ಕಿಂತ ಜಾಸ್ತಿ ತೋರಿಸುತ್ತದೆ. ಪ್ರಾಣಾಯಾಮ ಅಲ್ಲಿ ಇನ್ನೆಷ್ಟು ತುಂಬೀತು? ನಿಧಾನ ಉಸಿರಾಟದಿಂದ ಎದೆಬಡಿತ ತಗ್ಗುವುದು ನಿಜ, ಅದು ನರಗಳ ದಾರಿಯ ಕೆಲಸ.

ಒಂದು ಮಾತು ಮಾತ್ರ ಒಪ್ಪಲೇಬೇಕು. ವಾತವನ್ನು ಅಳೆಯುವ ರಕ್ತ ಪರೀಕ್ಷೆ ಇಲ್ಲ. ಲಕ್ವಾಕ್ಕೂ ಮೊಣಕಾಲಿಗೂ ಹೊಟ್ಟೆ ಉಬ್ಬರಕ್ಕೂ ಕಾರಣ ಬೇರೆ ಬೇರೆ ಎಂದು ಇವತ್ತು ಗೊತ್ತಿದೆ. ವಾತ ಅವನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿತ್ತು. ಆ ಗಂಟನ್ನು ಗ್ಯಾಸ್ ಅಂದುಬಿಟ್ಟರೆ ಅಪಾಯ ಇನ್ನೂ ಜಾಸ್ತಿ. ಎದೆ ಹಿಂಡಿ, ಬೆವರು ಕಿತ್ತು, ನೋವು ಎಡಗೈಗೋ ದವಡೆಗೋ ಹರಿದರೂ "ಗ್ಯಾಸ್ ಆಗ್ಯಾದ" ಎಂದು ಸೋಡಾ ಕುಡಿದು ಮಲಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಆಗ ಬೇಕಿರುವುದು ತಕ್ಷಣ ಇಸಿಜಿ.

ಎರಡನೇ ಸಲ ಹೋದಾಗ ವಾಯು ಅನ್ನುವ ಪದವನ್ನೇ ನಾನು ಎತ್ತಲಿಲ್ಲ. ಮೆಟ್ಟಿಲಿಳಿವಾಗ ನೋವು, ಕುಂತು ಎದ್ದರೆ ಬಿಗಿ, ಮಡಚಿದರೆ ಕಟಕಟ ಸದ್ದು ಎಂದು ಹೇಳಿದೆ. ಎಕ್ಸ್‌ರೇ ತೆಗೆಸಿದರು. ಎಲುಬುಗಳ ನಡುವಿನ ಸಂದು ಕಿರಿದಾಗಿತ್ತು, ಅಂದರೆ ಮೆತ್ತನೆಯ ಪದರ ಸವೆದಿತ್ತು. ತೊಡೆಯ ಸ್ನಾಯು ಗಟ್ಟಿಯಾಗಲು ವ್ಯಾಯಾಮ ಹೇಳಿಕೊಟ್ಟರು. ಎಣ್ಣೆ ತಿಕ್ಕಿಕೊಳ್ಳಲಾ ಎಂದು ಚಿಗವ್ವ ಕೇಳಿದಳು. ಈ ಸಲ ಅದನ್ನು ಸರಿಯಾಗಿಯೇ ತರ್ಜುಮೆ ಮಾಡಿದೆ. "ತಿಕ್ಕಿಕೊಳ್ಳಲಿ, ವ್ಯಾಯಾಮ ಬಿಡಬಾರದು ಅಷ್ಟೇ" ಎಂದರು.