ಒಂದೇ ಚಿತ್ರ, ಮೂರು ಪುಟ್ಟ ನಕಲು

ದೊಡ್ಡ ಕಲಾವಿದರ ಚಿತ್ರ ನಕಲು ಮಾಡಿ ಅಂದರೆ ನನ್ನ ತರಗತಿಯ ಮಕ್ಕಳು ಮೊದಲು ಮುಖ, ಬಟ್ಟೆಯ ಮಡಿಕೆ ಅಂತ ಶುರು ಮಾಡಿಬಿಡುತ್ತಾರೆ. ಸಂಯೋಜನೆ ಕಲಿಯೋದಕ್ಕೆ ಅದು ಬೇಡ. ಚಿತ್ರ ಹೇಗೆ ನಿಂತಿದೆ ಅನ್ನೋದಷ್ಟೇ ಬೇಕು.

ಫ್ಲೆಮಿಷ್ ಕಲಾವಿದ ಬ್ರೂಗೆಲ್ 1565ರಲ್ಲಿ ಬರೆದ 'ಹಿಮದಲ್ಲಿ ಬೇಟೆಗಾರರು' ಚಿತ್ರ ತಗೊಳ್ಳಿ. ಅದು ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಅಗಲ ಸುಮಾರು 162 ಸೆಂ.ಮೀ., ಎತ್ತರ 117. ಸ್ಕೆಚ್‌ಬುಕ್ಕಿನಲ್ಲಿ ಹೆಚ್ಚುಕಮ್ಮಿ ಅದೇ ಅಳತೆಯ ಪ್ರಮಾಣದಲ್ಲಿ, 11ಕ್ಕೆ 8 ಸೆಂ.ಮೀ. ಚೌಕಟ್ಟು ಹಾಕಿ, ಮೂರು ಸಲ. ಪುಟದಲ್ಲಿ ಉಳಿದ ಜಾಗಕ್ಕೆ ಚೌಕಟ್ಟು ಹೊಂದಿಸಬೇಡಿ, ಆಗ ಇಳಿಜಾರಿನ ಓರೆಯೇ ಬದಲಾಗಿಬಿಡುತ್ತದೆ.

ಮೊದಲನೆಯದರಲ್ಲಿ ಕಪ್ಪು, ಬೂದು, ಬಿಳಿ ಮಾತ್ರ. ಕಣ್ಣು ಕಿರಿದು ಮಾಡಿ ನೋಡಿದರೆ ಬೇಟೆಗಾರರು, ನಾಯಿಗಳು, ಮರಗಳು ಎಲ್ಲ ಸೇರಿ ಎಡಗಡೆ ಕಪ್ಪಾಗಿ ಕಾಣುತ್ತವೆ. ಹಿಮ ಬಿಳಿ. ಆಕಾಶ, ಕೆಳಗಿನ ಹೆಪ್ಪುಗಟ್ಟಿದ ಕೆರೆ ಎರಡೂ ಒಂದೇ ಹಸಿರು ಮಿಶ್ರಿತ ಬೂದು, ಹಾಗಾಗಿ ಅವೆರಡಕ್ಕೂ ಒಂದೇ ಟೋನ್ ಹಾಕಿ.

ಎರಡನೆಯದು ಲಯಕ್ಕೆ. ಎಡಗಡೆಯ ದೊಡ್ಡ ಮರಗಳನ್ನು ಬರೀ ನೇರ ಗೆರೆಗಳಾಗಿ ಎಳೆಯಿರಿ, ರೆಂಬೆ ಬೇಡ. ಹೋದ ವರ್ಷ ಒಬ್ಬ ಹುಡುಗಿ ಎಲ್ಲವನ್ನೂ ಒಂದೇ ದಪ್ಪದಲ್ಲಿ, ಸಮ ಅಂತರದಲ್ಲಿ ಎಳೆದಿದ್ದಳು. ಅದು ಬೇಲಿ ಕಂಬದ ಸಾಲಾಗಿ ಅಲ್ಲೇ ನಿಂತುಬಿಟ್ಟಿತ್ತು. "ಇಲ್ಲಿ ಅಳೆದು ನೋಡಮ್ಮ" ಅಂದೆ. ಪೆನ್ಸಿಲ್ ಹಿಡಿದು ಅಳೆದಾಗ ಅವಳಿಗೇ ಕಂಡಿತು, ಮರಗಳು ಬಲಕ್ಕೆ ಹೋದಂತೆ ಸಣ್ಣದಾಗುತ್ತವೆ, ನಡುವಿನ ಜಾಗವೂ ಸಮ ಇಲ್ಲ, ಅದಕ್ಕೇ ನಮ್ಮ ಕಣ್ಣು ಬೇಟೆಗಾರರ ಜೊತೆ ಹೆಜ್ಜೆ ಹಾಕುತ್ತಾ ಕಣಿವೆಗೆ ಇಳಿಯುತ್ತದೆ. ಬೇಟೆಗಾರರು ಮೂವರೂ ನಮಗೆ ಬೆನ್ನು ಹಾಕಿದ್ದಾರೆ, ಅಲ್ವಾ? ಅದೂ ಒಳಗೇ ತಳ್ಳುತ್ತದೆ.

ಮೂರನೆಯದು ಸಮತೋಲನಕ್ಕೆ, ನನಗೆ ಇಷ್ಟವಾದದ್ದು ಇದೇ. ಎಡದಲ್ಲಿ ಅಷ್ಟು ಭಾರ ಇದ್ದೂ ಚಿತ್ರ ಯಾಕೆ ವಾಲುವುದಿಲ್ಲ? ಗುಡ್ಡದ ಅಂಚು ಎಡದಿಂದ ಬಲಕ್ಕೆ ಇಳಿಯುವ ಗೆರೆ ಎಳೆಯಿರಿ. ಆಮೇಲೆ ಬಲ ಮೇಲ್ಮೂಲೆಯ ಚೂಪು ಬೆಟ್ಟದಿಂದ ಎಡಕ್ಕೆ ಇಳಿಯುವ ಗೆರೆ. ಎರಡೂ ಎದುರಾಗುತ್ತವೆ. ಈಗ ಕಣಿವೆಯ ಮೇಲೆ ರೆಕ್ಕೆ ಹರಡಿ ಹಾರುವ ಆ ಒಂದು ಹಕ್ಕಿಯನ್ನು ಕಪ್ಪು ಚುಕ್ಕೆಯಾಗಿ ಇಡಿ. ಸಣ್ಣ ಚುಕ್ಕೆ, ಆದರೆ ಸುತ್ತ ಖಾಲಿ ಇರುವುದರಿಂದ ಅದಕ್ಕೆ ಜಾಸ್ತಿ ತೂಕ. ಬೆಟ್ಟ, ಹಕ್ಕಿ ಎರಡನ್ನೂ ಬೆರಳಲ್ಲಿ ಮುಚ್ಚಿ ನೋಡಿ, ಚಿತ್ರ ಎಡಕ್ಕೆ ಉರುಳಿದ ಹಾಗಾಗುತ್ತದೆ.

ಒಂದೊಂದಕ್ಕೂ ಹತ್ತು ನಿಮಿಷ ಸಾಕು. ಜಾಸ್ತಿ ಹಿಡಿದರೆ ನಾಯಿಗಳ ಬಾಲ ಬಿಡಿಸೋಕೆ ಹೋಗಿದ್ದೀರಿ ಅಂತಲೇ ಅರ್ಥ. ಮುಗಿದ ಮೇಲೆ ಪುಸ್ತಕ ತಲೆಕೆಳಗು ಮಾಡಿ ನೋಡಿ. ಬೇಟೆಗಾರ ಯಾರು, ಮರ ಯಾವುದು ಗೊತ್ತಾಗದೇ ಇದ್ದರೂ ಭಾರ ಎಲ್ಲಿದೆ ಅಂತ ಕಾಣಬೇಕು. ಕಾಣದಿದ್ದರೆ ಮೊದಲನೆಯ ನಕಲಿನ ಟೋನ್ ತಪ್ಪಿದೆ, ಸಾಮಾನ್ಯವಾಗಿ ಬೂದು ಅತಿಯಾಗಿರುತ್ತದೆ. ಪಕ್ಕದ ಪುಟದಲ್ಲಿ ಅದನ್ನೇ ಮತ್ತೆ ಮಾಡಿ, ಹಳೆಯದನ್ನು ಅಳಿಸಬೇಡಿ.